ತೆರೆದ ರಿಯೇಜೆಂಟ್ ಬಾಟಲಿಗೆ ತಾರೀಖು ಮತ್ತು ಲೇಬಲ್: ಪ್ರಯೋಗಾಲಯದ ಸಿಬ್ಬಂದಿಗೆ ಹೊಸ ನಿಯಮಗಳು

ಇಂದ: ಮುಖ್ಯಸ್ಥರು, ಕುಡಿಯುವ ನೀರಿನ ಪರೀಕ್ಷಾ ಪ್ರಯೋಗಾಲಯ, ಚಿತ್ರದುರ್ಗ

ಇವರಿಗೆ: ಎಲ್ಲ ಕೆಮಿಸ್ಟ್‌ಗಳು, ಲ್ಯಾಬ್ ಅಸಿಸ್ಟೆಂಟ್‌ಗಳು, ಸ್ಟೋರ್ ನೋಡಿಕೊಳ್ಳುವವರು ಮತ್ತು ಅಟೆಂಡರ್‌ಗಳು

ವಿಷಯ: ಸೀಲ್ ಒಡೆದ ರಿಯೇಜೆಂಟ್‌ಗಳಿಗೂ ನಾವೇ ತಯಾರಿಸಿದ ದ್ರಾವಣಗಳಿಗೂ ತಾರೀಖು ಹಾಕಿ ಲೇಬಲ್ ಅಂಟಿಸುವ ಬಗ್ಗೆ

ಬರುವ ತಿಂಗಳ 1ನೇ ತಾರೀಖಿನಿಂದ ಈ ನಿಯಮಗಳು ಜಾರಿಗೆ ಬರುತ್ತವೆ. ಅಂದಿನಿಂದ ತೆರೆದ ದಿನಾಂಕ ಬರೆದಿಲ್ಲದ ಯಾವ ಬಾಟಲಿಯಿಂದಲೂ ಪರೀಕ್ಷೆಗೆ ಒಂದು ಹನಿಯನ್ನೂ ತೆಗೆದುಕೊಳ್ಳುವಂತಿಲ್ಲ. ಹೀಗೆ ಮಾಡಿ ಎಂದಷ್ಟೇ ಹೇಳಿ ಬಿಟ್ಟರೆ ನಿಯಮ ಎರಡು ವಾರ ನಡೆದು ನಿಂತುಹೋಗುತ್ತದೆ. ಅದಕ್ಕೇ ಪ್ರತಿ ಹೆಜ್ಜೆಯ ಜೊತೆಗೆ ಕಾರಣವನ್ನೂ ಬರೆದಿದೆ. ಎಲ್ಲರೂ ಪೂರ್ತಿ ಓದಬೇಕು.

ಬಾಟಲಿಯ ಮೇಲೆ ಅಚ್ಚಾದ ತಾರೀಖು ಯಾವುದಕ್ಕೆ ಅನ್ವಯಿಸುತ್ತದೆ

ಕಂಪನಿಯವರು ಅಚ್ಚು ಹಾಕಿದ ಅವಧಿ ಮುಗಿಯುವ ದಿನಾಂಕ ಸೀಲ್ ಭದ್ರವಾಗಿರುವ ಬಾಟಲಿಗೆ ಹೇಳಿದ ಮಾತು. ಸೀಲ್ ಒಡೆದ ಮೇಲೆ ಲೆಕ್ಕವೇ ಬೇರೆ. ಮುಚ್ಚಳ ತೆಗೆದಾಗಲೆಲ್ಲ ಒಳಗಿನ ಆವಿ ಹೊರಗೆ ಹೋಗುತ್ತದೆ, ಹೊರಗಿನ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತವೆ. ಅಮೋನಿಯಾ ತೆಳುವಾಗುತ್ತದೆ, ಕ್ಷಾರ ದ್ರಾವಣದ ಪಿಎಚ್ ಇಳಿಯುತ್ತದೆ, ಒಣಪುಡಿ ನೀರು ಹೀರಿ ಗಂಟುಕಟ್ಟುತ್ತದೆ. ಇದೆಲ್ಲ ಎಷ್ಟು ದಿನದಿಂದ ನಡೆದಿದೆ ಎಂದು ಬಾಟಲಿಯನ್ನು ನೋಡಿ ಹೇಳಲು ಆಗುವುದಿಲ್ಲ. ತೆರೆದವರು ತೆರೆದ ಹೊತ್ತಿಗೇ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಆ ಮಾಹಿತಿ ಮತ್ತೆ ಎಲ್ಲಿಯೂ ಸಿಗದು.

ನಮ್ಮಲ್ಲಿಗೆ ಬರುವ ಮಾದರಿಗಳಿಂದಾಗಿಯೂ ಇದು ಮುಖ್ಯ. ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಗಡಸುತನವೂ ಫ್ಲೋರೈಡೂ ಮಿತಿಯ ಆಸುಪಾಸಿನಲ್ಲಿ ಬರುವುದು ಸಾಮಾನ್ಯ. ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.0 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಗಡಸುತನಕ್ಕೆ ಇದೇ ರೀತಿ 200 ಮತ್ತು 600. ಅಂಕಿ ಗಡಿಯ ಮೇಲೆ ನಿಂತಿರುವಾಗ ರಿಯೇಜೆಂಟಿನ ಸಣ್ಣ ದೋಷವೂ ಒಂದು ಊರಿನ ಬೋರ್‌ವೆಲ್ ನೀರನ್ನು ‘ಯೋಗ್ಯ’ದಿಂದ ‘ಅಯೋಗ್ಯ’ಕ್ಕೆ ಅಥವಾ ಅಯೋಗ್ಯದಿಂದ ಯೋಗ್ಯಕ್ಕೆ ದೂಡಿಬಿಡುತ್ತದೆ.

ಮಾನ್ಯತೆಯ ದೃಷ್ಟಿಯಿಂದಲೂ ಇದು ಬೇಕು. ಐಎಸ್ಒ/ಐಇಸಿ 17025ರ 2017ರ ಆವೃತ್ತಿ ರಿಯೇಜೆಂಟ್‌ಗಳನ್ನೂ ಉಪಕರಣಗಳ ಸಾಲಿಗೇ ಸೇರಿಸಿದೆ. ಬಳಕೆಗೆ ಅವಧಿ ನಿಗದಿಯಾದ ವಸ್ತುವಿನ ಅವಧಿ ಬಳಸುವವರಿಗೆ ಕೂಡಲೇ ತಿಳಿಯುವಂತೆ ಗುರುತು ಹಾಕಿರಬೇಕೆಂದು ಅದರ 6.4.8ನೇ ಕಲಮು ಹೇಳುತ್ತದೆ.

ಹೆಜ್ಜೆ 1: ಸೀಲ್ ಒಡೆಯುವ ಮೊದಲೇ ಲೇಬಲ್ ಬರೆಯಿರಿ

ಕ್ರಮ ಇದೇ ಇರಲಿ: ಮೊದಲು ಲೇಬಲ್, ಆಮೇಲೆ ಸೀಲ್. ‘ಟೈಟ್ರೇಷನ್ ಮುಗಿಸಿ ಬರೆದರಾಯಿತು’ ಎಂದುಕೊಂಡ ಬಾಟಲಿಗೆ ಲೇಬಲ್ ಬರುವುದೇ ಇಲ್ಲ. ಆ ಹೊತ್ತಿಗೆ ಕೈಗವಸು ಒದ್ದೆಯಾಗಿರುತ್ತದೆ, ಪೆನ್ ಇನ್ನೊಂದು ಮೇಜಿನ ಮೇಲಿರುತ್ತದೆ, ಹೊಸ ಮಾದರಿ ಬಂದಿರುತ್ತದೆ. ಪ್ರತಿ ಮೇಜಿನ ಮೇಲೂ ಲೇಬಲ್ ಹಾಳೆ, ಕಪ್ಪು ಬಾಲ್ ಪೆನ್, ಪಾರದರ್ಶಕ ಟೇಪ್ ಒಂದು ಡಬ್ಬಿಯಲ್ಲಿ ಇರುತ್ತವೆ. ಅವು ಅಲ್ಲಿಂದ ಕದಲಬಾರದು.

‘ತೆರೆದದ್ದು’ ಎಂದರೆ ಏನು ಎಂಬುದರಲ್ಲಿ ಗೊಂದಲ ಬೇಡ. ಒಳಸೀಲಿಗೆ ತೂತು ಬಿದ್ದರೆ, ಮುಚ್ಚಳದ ಕೆಳಗಿನ ಉಂಗುರ ತುಂಡಾದರೆ, ಬಾಟಲಿ ತೆರೆದಂತೆಯೇ. ಬರೀ ನೋಡಲು ತೆಗೆದು ಮುಚ್ಚಿದ್ದರೂ ಅದೇ ತೆರೆದ ದಿನ.

ಲೇಬಲ್‌ನಲ್ಲಿ ಏನಿರಬೇಕು ಎಂಬುದಕ್ಕೆ ಗಡಸುತನದ ಬಫರಿನದೇ ಮಾದರಿ ಕೊಟ್ಟಿದೆ:

ಹೆಸರು: ಅಮೋನಿಯಾ ಬಫರ್, ಪಿಎಚ್ 10
ಬಾಟಲಿ ಸಂಖ್ಯೆ: 25-041
ಮೂಲ: ಅಮೋನಿಯಾ 25-033, ಅಮೋನಿಯಂ ಕ್ಲೋರೈಡ್ 25-012
ತಯಾರಿಸಿದ್ದು: 02 ಜೂನ್ 2025
ತೆರೆದದ್ದು: 02 ಜೂನ್ 2025
ಈ ದಿನದ ನಂತರ ಬಳಸಬೇಡಿ: 02 ಜುಲೈ 2025
ಎಚ್ಚರಿಕೆ: ಕಣ್ಣಿಗೂ ಉಸಿರಿಗೂ ಉರಿ
ಬರೆದವರ ಸಹಿ:

ಕೊಂಡು ತಂದ ಬಾಟಲಿಯಾದರೆ ‘ತಯಾರಿಸಿದ್ದು’ ಎನ್ನುವ ಜಾಗದಲ್ಲಿ ‘ಬಂದದ್ದು’ ಎಂದು ಬರೆಯಿರಿ. ಸ್ಟೋರಿಗೆ ಬಂದ ದಿನವೇ ಅದನ್ನೂ ಬಾಟಲಿ ಸಂಖ್ಯೆಯನ್ನೂ ಸ್ಟೋರಿನವರು ತುಂಬಿರಬೇಕು. ಮೇಜಿನವರು ತುಂಬಬೇಕಾದದ್ದು ತೆರೆದ ದಿನ, ಕೊನೆಯ ದಿನ ಮತ್ತು ಸಹಿ, ಈ ಮೂರೇ.

ತಿಂಗಳನ್ನು ಅಕ್ಷರದಲ್ಲೇ ಬರೆಯಬೇಕು. 05/06 ಎಂದು ಬರೆದರೆ ಒಬ್ಬರು ಜೂನ್ 5 ಎನ್ನುತ್ತಾರೆ, ಹೊರದೇಶದ ಬಾಟಲಿಗಳ ಬರಹ ನೋಡಿ ಅಭ್ಯಾಸವಾದವರು ಮೇ 6 ಎನ್ನುತ್ತಾರೆ. ಒಂದೇ ತಿಂಗಳ ಆಯುಸ್ಸಿನ ಬಫರಿಗೆ ಆ ಒಂದು ತಿಂಗಳ ವ್ಯತ್ಯಾಸವೇ ಪೂರ್ತಿ ಆಯುಸ್ಸು.

ಜೆಲ್ ಪೆನ್ ಬೇಡ, ನೀರು ಬಿದ್ದರೆ ಹರಡುತ್ತದೆ. ಬಾಟಲಿಯ ಗಾಜಿನ ಮೇಲೆ ನೇರವಾಗಿ ಮಾರ್ಕರ್‌ನಿಂದ ಬರೆಯುವುದೂ ಬೇಡ, ಸ್ಪಿರಿಟ್ ತಾಕಿದ ಹತ್ತಿಯಿಂದ ಒಮ್ಮೆ ಒರೆಸಿದರೆ ಅದು ಮಾಯ. ಕಾಗದದ ಮೇಲೆ ಬಾಲ್ ಪೆನ್, ಅದರ ಮೇಲೆ ಅಂಚಿನಾಚೆಗೂ ಚಾಚುವಂತೆ ಟೇಪ್, ಇಷ್ಟಾದರೆ ಸಾಕು. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಗೆ ಎರಡು ಪದರ ಟೇಪ್ ಹಾಕಿ. ಅದರ ಹೊಗೆ ಕಾಗದವನ್ನೂ ತಿನ್ನುತ್ತದೆ, ಶಾಯಿಯನ್ನೂ ಮಾಸಿಸುತ್ತದೆ.

ಲೇಬಲ್ ಅಂಟಿಸುವ ಜಾಗಕ್ಕೂ ಅರ್ಥವಿದೆ. ಕಂಪನಿಯ ಲೇಬಲ್‌ನ ಲಾಟ್ ಸಂಖ್ಯೆ ಮತ್ತು ಅಪಾಯದ ಚಿಹ್ನೆಗಳು ಮುಚ್ಚಿಹೋಗದಂತೆ, ಅದರ ಕೆಳಗೆ ಅದೇ ಬದಿಗೆ ಅಂಟಿಸಿ. ಸುರಿಯುವಾಗ ಎರಡೂ ಲೇಬಲ್‌ಗಳು ಅಂಗೈ ಕಡೆಗೆ ಬರುವಂತೆ ಬಾಟಲಿ ಹಿಡಿಯಿರಿ. ಆಗ ಬಾಯಿಂದ ಇಳಿಯುವ ಹನಿ ಲೇಬಲ್ ಇಲ್ಲದ ಬದಿಯಲ್ಲಿ ಹರಿಯುತ್ತದೆ. ಮುಚ್ಚಳದ ಮೇಲೆ ಮಾತ್ರ ಯಾವತ್ತೂ ಬರೆಯಬೇಡಿ. ಒಂದೇ ಅಳತೆಯ ನಾಲ್ಕು ಬಾಟಲಿ ಒಟ್ಟಿಗೆ ತೊಳೆಯಲು ಹೋದರೆ ಮುಚ್ಚಳಗಳು ಅದಲುಬದಲಾಗಿ ಬರುತ್ತವೆ, ಅವುಗಳ ಜೊತೆ ತಾರೀಖೂ ಬೇರೆ ಬಾಟಲಿಗೆ ಹೋಗುತ್ತದೆ.

ಹೆಜ್ಜೆ 2: ಕೊನೆಯ ದಿನ ಲೆಕ್ಕ ಹಾಕುವುದು

ಎರಡು ತಾರೀಖು ತೆಗೆದುಕೊಳ್ಳಿ. ಒಂದು ಕಂಪನಿಯವರು ಅಚ್ಚು ಹಾಕಿದ್ದು. ಇನ್ನೊಂದು ತೆರೆದ ದಿನಕ್ಕೆ ನಮ್ಮ ಪಟ್ಟಿಯ ಅವಧಿ ಕೂಡಿಸಿದ್ದು. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಕೊನೆಯ ದಿನ. ಕಂಪನಿಯವರು ತಿಂಗಳು ಮಾತ್ರ ಹಾಕಿದ್ದರೆ ಆ ತಿಂಗಳ ಕೊನೆಯ ದಿನ ಎಂದು ಹಿಡಿಯಿರಿ.

ಪಿಎಚ್ ಮೀಟರ್ ಹೊಂದಿಸುವ ಬಫರ್ ಬಾಟಲಿಯೊಂದನ್ನು ತೆಗೆದುಕೊಳ್ಳೋಣ. ಅಚ್ಚಿನ ತಾರೀಖು ಮಾರ್ಚ್ 2026. ತೆರೆದದ್ದು 10 ಜೂನ್ 2025. ಅದು ಪಿಎಚ್ 7ರ ಬಫರ್ ಆದರೆ ನಮ್ಮ ಪಟ್ಟಿಯಲ್ಲಿ ಮೂರು ತಿಂಗಳು, ಹಾಗಾಗಿ ಕೊನೆಯ ದಿನ 10 ಸೆಪ್ಟೆಂಬರ್ 2025. ಪಿಎಚ್ 10ರದ್ದಾದರೆ ಒಂದೇ ತಿಂಗಳು, ಕೊನೆಯ ದಿನ 10 ಜುಲೈ 2025. ಕ್ಷಾರದ ಬಫರ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಬೇಗ ಹೀರುತ್ತದೆ ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಇದೇ ಪಿಎಚ್ 7ರ ಬಾಟಲಿಯನ್ನು 2026ರ ಫೆಬ್ರವರಿ 20ಕ್ಕೆ ತೆರೆದಿದ್ದರೆ ಮೂರು ತಿಂಗಳು ಸಿಗುವುದಿಲ್ಲ. ಮಾರ್ಚ್ 31ಕ್ಕೇ ಮುಗಿಯುತ್ತದೆ.

ಬಾಟಲಿಯಿಂದ ಬೀಕರಿಗೆ ಸುರಿದ ಬಫರ್ ಅದೇ ದಿನ ಚೆಲ್ಲಬೇಕು, ತಿರುಗಿ ಬಾಟಲಿಗೆ ಹಾಕಬಾರದು. ಯಾವ ರಿಯೇಜೆಂಟಿಗೂ ಇದೇ ಮಾತು. ಎಲೆಕ್ಟ್ರೋಡ್ ಅದ್ದಿದ ಬಫರ್ ಒಮ್ಮೆ ಬಾಟಲಿ ಸೇರಿದರೆ ಮೇಲೆ ಬರೆದ ತಾರೀಖು ಸುಳ್ಳಾಗುತ್ತದೆ.

ಗಡಸುತನದ ಬಫರ್: ಈ ನಿಯಮ ಎಲ್ಲಿ ಕೆಲಸ ಮಾಡುತ್ತದೆ ಎಂದು ನೋಡಿ

ನಮ್ಮ ಲ್ಯಾಬಿನಲ್ಲಿ ಅತಿ ಹೆಚ್ಚು ಸಲ ಮುಚ್ಚಳ ತೆಗೆಯುವ ಬಾಟಲಿ ಇದು. ಬೇಗ ಕೆಡುವುದೂ ಇದೇ. ಆದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ತಯಾರಿಕೆ ನಿಮಗೆ ಗೊತ್ತಿದೆ: 143 ಮಿ.ಲೀ ಸಾಂದ್ರ ಅಮೋನಿಯಾದಲ್ಲಿ 16.9 ಗ್ರಾಂ ಅಮೋನಿಯಂ ಕ್ಲೋರೈಡ್ ಕರಗಿಸಿ, ಇಡಿಟಿಎಯ ಮೆಗ್ನೀಸಿಯಂ ಲವಣ 1.25 ಗ್ರಾಂ ಸೇರಿಸಿ, ಡಿಸ್ಟಿಲ್ಡ್ ನೀರಿನಿಂದ 250 ಮಿ.ಲೀಗೆ ತರುವುದು. ಇದನ್ನು ಗಟ್ಟಿಯಾಗಿ ಮುಚ್ಚಿ ಒಂದು ತಿಂಗಳಿಗಿಂತ ಹೆಚ್ಚು ಇಡಬಾರದೆಂದು ವಿಧಾನದಲ್ಲೇ ಇದೆ. 1 ಅಥವಾ 2 ಮಿ.ಲೀ ಬಫರ್ ಹಾಕಿದ ಮಾದರಿಯಲ್ಲಿ ಟೈಟ್ರೇಷನ್ ಕೊನೆಯಲ್ಲಿ ಪಿಎಚ್ 10.0 ಬರಬೇಕು, 0.1ರಷ್ಟು ಮಾತ್ರ ಆಚೀಚೆ ಆಗಬಹುದು, ಬಾರದಿದ್ದರೆ ಬಫರ್ ಚೆಲ್ಲಬೇಕು ಎಂದೂ ಇದೆ.

ಈಗ ಒಳಗಿನ ಲೆಕ್ಕ ನೋಡಿ. ಬಫರಿನ ಪಿಎಚ್ ನಿಂತಿರುವುದು ಅಮೋನಿಯಾಕ್ಕೂ ಅಮೋನಿಯಂಗೂ ಇರುವ ಅನುಪಾತದ ಮೇಲೆ. 143 ಮಿ.ಲೀ ಸಾಂದ್ರ ಅಮೋನಿಯಾದಲ್ಲಿ ಸುಮಾರು 2.1 ಮೋಲ್ ಅಮೋನಿಯಾ, 16.9 ಗ್ರಾಂ ಕ್ಲೋರೈಡಿನಲ್ಲಿ ಸುಮಾರು 0.32 ಮೋಲ್ ಅಮೋನಿಯಂ. ಅನುಪಾತ ಸುಮಾರು 6.7. ಅದರಿಂದ ಬರುವ ಪಿಎಚ್:

pH = 9.25 + log(6.7) = 10.08

ಮುಚ್ಚಳ ತೆಗೆದಾಗಲೆಲ್ಲ ಹೋಗುವುದು ಅಮೋನಿಯಾ. ಅಮೋನಿಯಂ ಒಳಗೇ ಉಳಿಯುತ್ತದೆ. ಹೀಗೆ ಮೂರರಲ್ಲೊಂದು ಪಾಲು ಅಮೋನಿಯಾ ಹಾರಿಹೋಗುವ ಹೊತ್ತಿಗೆ ಪಿಎಚ್ 9.9ಕ್ಕೆ ಬಂದಿರುತ್ತದೆ, ಅಂದರೆ ಮಿತಿಯ ಅಂಚಿಗೆ. ಅರ್ಧ ಹೋದರೆ ಸುಮಾರು 9.8. ಇಷ್ಟಾದರೂ ಬಾಟಲಿಯಲ್ಲಿ ಉಳಿದ ಅಮೋನಿಯಾ ಮೂಗಿಗೆ ಹೊಡೆಯುತ್ತಲೇ ಇರುತ್ತದೆ. ‘ವಾಸನೆ ಜೋರಾಗೇ ಇದೆ, ಬಫರ್ ಚೆನ್ನಾಗಿದೆ’ ಎನ್ನುವ ನಂಬಿಕೆ ಇಲ್ಲೇ ತಪ್ಪುತ್ತದೆ. ಕೆಟ್ಟ ಬಫರ್ ಕೂಡ ಕಣ್ಣಲ್ಲಿ ನೀರು ತರಿಸುತ್ತದೆ. ಮೂಸಿ ನೋಡುವುದು ಪರೀಕ್ಷೆಯೂ ಅಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ.

ಪಿಎಚ್ ಇಳಿದರೆ ಫ್ಲಾಸ್ಕಿನಲ್ಲಿ ಕಾಣುವುದೇನು? ಇಡಿಟಿಎ ಮೆಗ್ನೀಸಿಯಂ ಅನ್ನು ಹಿಡಿಯುವ ಬಿಗಿ ಸಡಿಲವಾಗುತ್ತದೆ. ದ್ರಾಕ್ಷಿಕೆಂಪಿನಿಂದ ಒಂದೆರಡು ಹನಿಗೆ ತಿಳಿನೀಲಿಗೆ ತಿರುಗಬೇಕಾದ ಬಣ್ಣ ನೇರಳೆಯಲ್ಲಿ ನಿಧಾನಿಸುತ್ತದೆ. ಒಬ್ಬರು ನೇರಳೆ ಕಂಡ ಕೂಡಲೇ ನಿಲ್ಲಿಸುತ್ತಾರೆ, ಇನ್ನೊಬ್ಬರು ಪೂರ್ತಿ ನೀಲಿ ಆಗಲಿ ಎಂದು ಹನಿ ಬಿಡುತ್ತಲೇ ಹೋಗುತ್ತಾರೆ. 25 ಮಿ.ಲೀ ಮಾದರಿಗೆ 0.01 ಮೋಲಾರ್ ಇಡಿಟಿಎ ಒಬ್ಬರಿಗೆ 14.8 ಮಿ.ಲೀ, ಇನ್ನೊಬ್ಬರಿಗೆ 15.2 ಮಿ.ಲೀ ಬಂತೆನ್ನಿ. ಈ ಇಡಿಟಿಎಯ 1 ಮಿ.ಲೀ 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ:

14.8 × 1000 / 25 = 592
15.2 × 1000 / 25 = 608

ಒಬ್ಬರ ವರದಿಯಲ್ಲಿ 600ರ ಒಳಗೆ, ಇನ್ನೊಬ್ಬರದರಲ್ಲಿ 600ರ ಮೇಲೆ. ಇಬ್ಬರ ಕೈಕೆಲಸದಲ್ಲೂ ತಪ್ಪಿಲ್ಲದಿರಬಹುದು. ಆದ್ದರಿಂದ ಕೊನೆಬಣ್ಣ ಎಳೆದಾಡುತ್ತಿದೆ ಅನ್ನಿಸಿದರೆ ಒಬ್ಬರನ್ನೊಬ್ಬರು ದೂರುವ ಮೊದಲು ಬಫರ್ ಬಾಟಲಿಯ ತಾರೀಖು ನೋಡಿ, ಆಮೇಲೆ ಪಿಎಚ್ ನೋಡಿ. ಕಬ್ಬಿಣ, ಮ್ಯಾಂಗನೀಸ್‌ನಂಥ ಲೋಹಗಳಿಂದಲೂ ಬಣ್ಣ ಎಳೆಯಬಹುದು. ಆದರೆ ಆಗ ತೊಂದರೆ ಆ ಒಂದು ಮಾದರಿಯಲ್ಲಿ ಮಾತ್ರ ಕಾಣುತ್ತದೆ. ಬಫರ್ ಕೆಟ್ಟಿದ್ದರೆ ಸಾಲಿನ ಎಲ್ಲ ಮಾದರಿಗಳಲ್ಲೂ ಕಾಣುತ್ತದೆ. ವ್ಯತ್ಯಾಸ ತಿಳಿಯಲು ಇದು ಸುಲಭದ ದಾರಿ.

ಪಿಎಚ್ ನೋಡುವ ಕ್ರಮ ಹೀಗೆ. ಪಿಎಚ್ ಮೀಟರನ್ನು 7 ಮತ್ತು 10ರ ಬಫರ್‌ಗಳಿಂದ ಹೊಂದಿಸಿ. 25 ಮಿ.ಲೀ ಮಾದರಿಯನ್ನು ಡಿಸ್ಟಿಲ್ಡ್ ನೀರು ಹಾಕಿ ಸುಮಾರು 50 ಮಿ.ಲೀ ಮಾಡಿ, 1 ಮಿ.ಲೀ ಬಫರ್ ಹಾಕಿ. ಬಫರ್ ಬಿದ್ದ ಐದು ನಿಮಿಷದೊಳಗೆ ಟೈಟ್ರೇಷನ್ ಮುಗಿಸಿ, ತಡವಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೆಳಗಿಳಿಯಲು ಶುರುವಾಗುತ್ತದೆ. ನೀಲಿ ಬಂದ ಅದೇ ಫ್ಲಾಸ್ಕಿಗೆ ತೊಳೆದ ಎಲೆಕ್ಟ್ರೋಡ್ ಇಳಿಸಿ ಓದಿ. 9.9ರಿಂದ 10.1ರ ನಡುವೆ ಇದ್ದರೆ ಸರಿ. ಕಡಿಮೆ ಬಂದರೆ ಇನ್ನೊಂದು ಫ್ಲಾಸ್ಕಿನಲ್ಲಿ 2 ಮಿ.ಲೀ ಬಫರ್ ಹಾಕಿ ನೋಡಿ. ಆಗಲೂ ಕಡಿಮೆಯಾದರೆ ಬಾಟಲಿ ಹೊರಗೆ, ಲೇಬಲ್‌ನ ಕೊನೆಯ ದಿನ ಇನ್ನೂ ಮುಂದಿದ್ದರೂ ಸರಿಯೇ. ಆಮ್ಲ ಹಾಕಿ ಕಾಪಿಟ್ಟ ಮಾದರಿಯಲ್ಲಿ ಈ ಪರೀಕ್ಷೆ ಮಾಡಬೇಡಿ. ಅದನ್ನು ಮೊದಲು ತಟಸ್ಥಗೊಳಿಸದಿದ್ದರೆ ಆಮ್ಲವೇ ಬಫರನ್ನು ತಿಂದುಹಾಕಿ ಒಳ್ಳೆಯ ಬಾಟಲಿಯೂ ಕೆಟ್ಟಂತೆ ಕಾಣುತ್ತದೆ.

ಈ ಪರೀಕ್ಷೆ ಪ್ರತಿ ಸೋಮವಾರ ಬೆಳಿಗ್ಗೆ ಮೊದಲ ಮಾದರಿಯಲ್ಲಿ ಆಗಬೇಕು. ಬಂದ ಅಂಕಿಯನ್ನು ರಿಯೇಜೆಂಟ್ ರಿಜಿಸ್ಟರಿನಲ್ಲಿ ಬಾಟಲಿ ಸಂಖ್ಯೆಯ ಮುಂದೆ ಬರೆಯಬೇಕು.

ನಷ್ಟ ಕಡಿಮೆ ಮಾಡಲು ಒಂದು ಬದಲಾವಣೆ: 250 ಮಿ.ಲೀ ಬಫರ್ ತಯಾರಾದ ಕೂಡಲೇ 50 ಮಿ.ಲೀನ ಐದು ಪ್ಲಾಸ್ಟಿಕ್ ಬಾಟಲಿಗಳಿಗೆ ಕತ್ತಿನವರೆಗೂ ತುಂಬಿಡಿ. ಒಂದು ಮುಗಿದ ಮೇಲೆ ಇನ್ನೊಂದು ತೆರೆಯಿರಿ. ಅರ್ಧ ಖಾಲಿಯಾದ ದೊಡ್ಡ ಬಾಟಲಿಯ ಮೇಲಿನ ಜಾಗವನ್ನು ಅಮೋನಿಯಾ ಆವಿ ತುಂಬಿಕೊಳ್ಳುತ್ತದೆ, ಪ್ರತಿ ಸಲ ತೆರೆದಾಗ ಆ ಆವಿಯೇ ಹೊರಗೆ ಹೋಗುತ್ತದೆ. ಚಿಕ್ಕ ಬಾಟಲಿಯಲ್ಲಿ ಆ ಜಾಗ ಕಡಿಮೆ. ಐದಕ್ಕೂ 25-041ಎ, 25-041ಬಿ ಹೀಗೆ ಸಂಖ್ಯೆ ಕೊಡಿ, ತೆರೆದ ದಿನ ಬೇರೆಬೇರೆ ಬರೆಯಿರಿ. ಕೊನೆಯ ದಿನ ಮಾತ್ರ ಐದಕ್ಕೂ ಒಂದೇ, ತಯಾರಿಸಿದ ದಿನದಿಂದ 30 ದಿನ. ತೆರೆಯದೆ ಇಟ್ಟದ್ದಕ್ಕೆ ಹೆಚ್ಚು ದಿನ ಕೊಡುವಂತಿಲ್ಲ.

ಹೆಜ್ಜೆ 3: ತಾಯಿಬಾಟಲಿಯ ಸಂಖ್ಯೆ ಬರೆಯದೆ ದ್ರಾವಣ ಮಾಡಬೇಡಿ

ಮೇಲಿನ ಲೇಬಲ್‌ನಲ್ಲಿ ‘ಮೂಲ’ ಎಂಬ ಸಾಲಿದೆ. ಬಹಳ ಜನ ಬಿಡುವ ಸಾಲು ಇದೇ. ಬಫರನ್ನು ಇವತ್ತೇ ಮಾಡಿದ್ದರೂ ಅದಕ್ಕೆ ಹಾಕಿದ ಸಾಂದ್ರ ಅಮೋನಿಯಾ ಎಂಟು ತಿಂಗಳ ಹಿಂದೆ ತೆರೆದದ್ದಾದರೆ, ಬಫರ್ ಹುಟ್ಟುವಾಗಲೇ ಸೊರಗಿರುತ್ತದೆ. ತಯಾರಿಸಿದ ದಿನಾಂಕ ಹೊಸದು ಎಂಬ ಕಾರಣಕ್ಕೆ ಯಾರೂ ಅನುಮಾನಿಸುವುದಿಲ್ಲ. ಹಾಗಾಗಿ ಸಾಂದ್ರ ಅಮೋನಿಯಾಗೆ ತೆರೆದ ಮೇಲೆ ಮೂರು ತಿಂಗಳು ಎಂದು ನಮ್ಮ ಪಟ್ಟಿಯಲ್ಲಿ ಇಟ್ಟಿದೆ. 2.5 ಲೀಟರಿನ ಬಾಟಲಿ ಅಗ್ಗವೆಂದು ತರಿಸುವುದು ನಿಲ್ಲಲಿ, 500 ಮಿ.ಲೀನದೇ ತರಿಸಿ. ಬೇಸಿಗೆಯಲ್ಲಿ ಈ ಬಾಟಲಿಯೊಳಗೆ ಒತ್ತಡ ಏರಿರುತ್ತದೆ. ತೆರೆಯುವ ಮೊದಲು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ಕನ್ನಡಕ ಹಾಕಿ, ಫ್ಯೂಮ್ ಹುಡ್ ಒಳಗೇ ತೆರೆಯಬೇಕು.

ಇಡಿಟಿಎ ದ್ರಾವಣ ತೆರೆದರೆ ಹಾರಿಹೋಗುವಂಥದ್ದಲ್ಲ, ಆದರೆ ಅಗ್ಗದ ಗಾಜಿನಿಂದ ಕ್ಯಾಲ್ಸಿಯಂ ಎಳೆದುಕೊಂಡು ತಾನೇ ದುರ್ಬಲವಾಗುತ್ತದೆ. ಅದನ್ನು ಪಾಲಿಥೀನ್ ಬಾಟಲಿಯಲ್ಲೇ ಇಡಿ. 1 ಮಿ.ಲೀನಲ್ಲಿ 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಪ್ರಮಾಣ ದ್ರಾವಣ 10 ಮಿ.ಲೀ ತೆಗೆದು ವಾರಕ್ಕೊಮ್ಮೆ ಟೈಟ್ರೇಟ್ ಮಾಡಿ. 10.0 ಬರಬೇಕಾದಲ್ಲಿ 10.2 ಬಂದರೆ ಫ್ಯಾಕ್ಟರ್ 0.980. ಅದನ್ನೂ ನೋಡಿದ ತಾರೀಖನ್ನೂ ಲೇಬಲ್ ಮೇಲೇ ಬರೆಯಿರಿ, ಹಳೆಯ ಅಂಕಿಗೆ ಒಂದೇ ಗೆರೆ ಎಳೆಯಿರಿ.

ಫ್ಲೋರೈಡಿನ ಜಿರ್ಕೋನಿಲ್–ಸ್ಪಾಡ್ನ್ಸ್ ರಿಯೇಜೆಂಟಿಗೆ ಲೇಬಲ್‌ನಲ್ಲಿ ಒಂದು ಸಾಲು ಹೆಚ್ಚು: ‘ರೇಖೆ’. ಈ ರಿಯೇಜೆಂಟ್ ಬೆಳಕಿನಿಂದ ದೂರ ಇಟ್ಟರೆ ದೀರ್ಘಕಾಲ ಬಾಳುತ್ತದೆ, ಎರಡು ದ್ರಾವಣ ಬೆರೆಸಿದ ಮೇಲೂ ಎರಡು ವರ್ಷ ಕೆಡದು ಎಂದೇ ವಿಧಾನ ಹೇಳುತ್ತದೆ. ಹಾಗಾಗಿ ಇಲ್ಲಿ ಅಪಾಯ ಹಳೆತನಕ್ಕಿಂತ ಬಾಟಲಿ ಬದಲಾಗುವುದರಲ್ಲಿದೆ. ಫ್ಲೋರೈಡ್ ಹೆಚ್ಚಿದಷ್ಟೂ ಇದರ ಬಣ್ಣ ಕುಂದುತ್ತದೆ, ನಾವು ಅಳೆಯುವುದು ಕುಂದಿದ ಆ ಪ್ರಮಾಣವನ್ನು. ಹೊಸದಾಗಿ ಮಾಡಿದ ರಿಯೇಜೆಂಟಿನ ಮೂಲಬಣ್ಣ ಹಳೆಯದರಷ್ಟೇ ಇರುತ್ತದೆ ಎಂಬ ಖಾತ್ರಿಯಿಲ್ಲ. ಆದ್ದರಿಂದ ಹೊಸ ರಿಯೇಜೆಂಟಿಗೆ ಹೊಸ ಪ್ರಮಾಣರೇಖೆ ಎಳೆಯಲೇಬೇಕು, ಆ ರೇಖೆಯ ಸಂಖ್ಯೆ ಬಾಟಲಿಯ ಮೇಲಿರಬೇಕು. ಬಾಟಲಿಯ ರೇಖೆ ಸಂಖ್ಯೆಯೂ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಆಯ್ದ ರೇಖೆಯ ಸಂಖ್ಯೆಯೂ ಒಂದೇ ಇದೆಯೇ ಎಂದು ಓದುವ ಮೊದಲು ನೋಡಿ.

ತಪ್ಪಾದರೆ ಎಷ್ಟಾಗುತ್ತದೆ? ಈ ವಿಧಾನ ನೆಟ್ಟಗೆ ಅಳೆಯುವುದು 1.40 ಮಿ.ಗ್ರಾಂವರೆಗೆ ಮಾತ್ರ. ಹಾಗಾಗಿ 1.5ರ ಹತ್ತಿರದ ಮಾದರಿಯನ್ನು ನಾವು 25ರಿಂದ 50 ಮಿ.ಲೀಗೆ ತೆಳುಗೊಳಿಸಿ ಎರಡರಿಂದ ಗುಣಿಸುತ್ತೇವೆ. ಸರಿಯಾದ ರೇಖೆಯಲ್ಲಿ 0.74 ಬಂದರೆ ಉತ್ತರ 1.48. ಬೇರೆ ಬಾಟಲಿಯ ರೇಖೆಯಿಂದ ಬರೀ 0.03 ಹೆಚ್ಚಾಗಿ 0.77 ಬಂದರೆ ಉತ್ತರ 1.54. ದೋಷವೂ ಎರಡರಷ್ಟಾಯಿತು, ಊರಿನ ನೀರು ಮಿತಿಯ ಆಚೆಗೆ ಹೋಯಿತು.

ಇದೇ ಪರೀಕ್ಷೆಯಲ್ಲಿ ಕ್ಲೋರಿನ್ ತೆಗೆಯಲು ಬಳಸುವ ಸೋಡಿಯಂ ಆರ್ಸೆನೈಟ್ ದ್ರಾವಣ ವಿಷ, ನೋಡಲು ಮಾತ್ರ ನೀರಿನಂತೆಯೇ. ಇದಕ್ಕೆ ಕೆಂಪು ಅಂಚಿನ ಲೇಬಲ್, ‘ವಿಷ’ ಎಂಬ ದಪ್ಪ ಅಕ್ಷರ, ಬೀಗ ಹಾಕುವ ಕಪಾಟು. ತೊಳೆಯುವ ನೀರಿನ ಬಾಟಲಿಗೆ ಹೋಲುವ ಯಾವ ಬಾಟಲಿಗೂ ಇದನ್ನು ತುಂಬಬಾರದು.

ಹೆಜ್ಜೆ 4: ವರ್ಕ್‌ಶೀಟಿನಲ್ಲಿ ಬಾಟಲಿ ಸಂಖ್ಯೆ

ಬಾಟಲಿಗೆ ಎಷ್ಟು ಚೆನ್ನಾಗಿ ಲೇಬಲ್ ಹಾಕಿದರೂ ಯಾವ ಮಾದರಿಗೆ ಯಾವ ಬಾಟಲಿ ಬಳಸಿದ್ದು ಎಂದು ವರ್ಕ್‌ಶೀಟಿನಲ್ಲಿ ಇಲ್ಲದಿದ್ದರೆ ಅರ್ಧ ಕೆಲಸವೇ ಆದಂತೆ. ಇನ್ನು ಮುಂದೆ ಪ್ರತಿ ಸಾಲಿನ ಮಾದರಿಗಳ ಮೇಲೆ ಬಫರ್, ಇಡಿಟಿಎ, ಸೂಚಕ ಈ ಮೂರರ ಬಾಟಲಿ ಸಂಖ್ಯೆ ಬರೆಯಬೇಕು. ಫ್ಲೋರೈಡಿಗಾದರೆ ರಿಯೇಜೆಂಟ್ ಮತ್ತು ಪ್ರಮಾಣ ದ್ರಾವಣದ್ದು.

ಬಫರ್ 25-041ಎ ಜೂನ್ 16ರ ಸೋಮವಾರ 10.02 ತೋರಿಸಿತು, ಜೂನ್ 23ರ ಸೋಮವಾರ 9.84 ತೋರಿಸಿತು ಎಂದಿಟ್ಟುಕೊಳ್ಳಿ. ನಡುವೆ ಯಾವ ದಿನ ಕೆಟ್ಟಿತೋ ಗೊತ್ತಾಗುವಂತಿಲ್ಲ. ಆದ್ದರಿಂದ 16ರ ಪರೀಕ್ಷೆಯ ನಂತರ ಆ ಬಾಟಲಿಯಿಂದ ಮಾಡಿದ ಎಲ್ಲ ಗಡಸುತನಗಳೂ ಅನುಮಾನಕ್ಕೆ ಒಳಗು. ವರ್ಕ್‌ಶೀಟಿನಲ್ಲಿ 25-041ಎ ಎಂದಿರುವ ಮಾದರಿಗಳನ್ನು ಹುಡುಕಿ, ವರದಿ ಹೋಗದಿದ್ದರೆ ತಡೆಹಿಡಿಯಿರಿ, ಹೋಗಿದ್ದರೆ ನನಗೆ ಅಂದೇ ತಿಳಿಸಿ. ಆಮೇಲೆ ಹೊಸ ಬಫರಿನಿಂದ ಮತ್ತೆ ಮಾಡಿ. ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಟ್ಟ ಮಾದರಿಯಲ್ಲಿ ಗಡಸುತನ ಆರು ತಿಂಗಳವರೆಗೂ ನೋಡಬಹುದು. ಫ್ಲೋರೈಡಿಗೆ ಇರುವುದು 28 ದಿನ ಮಾತ್ರ. ಹಾಗಾಗಿ ಫ್ಲೋರೈಡ್ ರಿಯೇಜೆಂಟಿನ ತಪ್ಪು ಒಂದು ತಿಂಗಳು ಕಳೆದು ಗೊತ್ತಾದರೆ ಮತ್ತೆ ಪರೀಕ್ಷಿಸಲು ಮಾದರಿಯೇ ಉಳಿದಿರುವುದಿಲ್ಲ.

ಈಗಾಗಲೇ ತೆರೆದಿರುವ, ತಾರೀಖಿಲ್ಲದ ಬಾಟಲಿಗಳು

ಅಂದಾಜಿನ ತಾರೀಖು ಬರೆಯಬೇಡಿ. ‘ಸುಮಾರು ಫೆಬ್ರವರಿ’ ಎಂದು ನೆನಪಿನಿಂದ ಬರೆದದ್ದು ಕಪಾಟಿನಲ್ಲಿ ನಿಜವಾದ ತಾರೀಖಿನಂತೆಯೇ ಕಾಣುತ್ತದೆ, ಮುಂದೆ ಎರಡರ ಭೇದ ತಿಳಿಯುವುದಿಲ್ಲ. ಈ ತಿಂಗಳ ಕೊನೆಯ ಶನಿವಾರ ಎಲ್ಲ ಕಪಾಟುಗಳನ್ನೂ ಖಾಲಿ ಮಾಡಿ ಮೂರು ಪಾಲು ಮಾಡುತ್ತೇವೆ.

ಬಫರ್, ಅಮೋನಿಯಾ, ಸೂಚಕ ದ್ರಾವಣಗಳಲ್ಲಿ ತಾರೀಖಿಲ್ಲದ್ದೆಲ್ಲ ನೇರವಾಗಿ ತ್ಯಾಜ್ಯಕ್ಕೆ. ಒಣ ಲವಣಗಳಲ್ಲಿ ಅಚ್ಚಿನ ಅವಧಿ ಇನ್ನೂ ಇದ್ದು, ಪುಡಿ ಹುಡಿಹುಡಿಯಾಗಿ ಉದುರುತ್ತಿದ್ದರೆ ‘ತೆರೆದ ದಿನ ತಿಳಿಯದು, ಪರಿಶೀಲಿಸಿದ್ದು’ ಎಂದು ಆ ದಿನದ ತಾರೀಖು ಹಾಕಿ. ಅವನ್ನು ಸಾಮಾನ್ಯ ದ್ರಾವಣಗಳಿಗೆ ಮಾತ್ರ ಬಳಸಬಹುದು, ಸೋಡಿಯಂ ಫ್ಲೋರೈಡ್, ಕ್ಯಾಲ್ಸಿಯಂ ಕಾರ್ಬೊನೇಟ್‌ನಂಥ ಪ್ರಮಾಣ ದ್ರಾವಣದ ಲವಣಗಳಿಗೆ ಈ ರಿಯಾಯಿತಿ ಇಲ್ಲ. ಏನೆಂದೇ ಗೊತ್ತಾಗದ, ಹೆಸರಿಲ್ಲದ ಬಾಟಲಿಯನ್ನು ತೆರೆಯಬೇಡಿ, ಮೂಸಬೇಡಿ, ಸಿಂಕಿಗೆ ಸುರಿಯಬೇಡಿ. ಹಳದಿ ಕ್ರೇಟಿನಲ್ಲಿ ಇಟ್ಟು ನನಗೆ ತೋರಿಸಿ.

ಆರ್ಸೆನೈಟ್ ಮತ್ತು ಪೊಟ್ಯಾಸಿಯಂ ಕ್ರೋಮೇಟ್ ಇರುವ ಯಾವುದೂ ಎಷ್ಟೇ ಕಡಿಮೆಯಿದ್ದರೂ ಚರಂಡಿಗೆ ಹೋಗಬಾರದು. ಅವಕ್ಕೆ ಬೇರೆಬೇರೆ ಕ್ಯಾನುಗಳಿವೆ, ಆ ಕ್ಯಾನುಗಳ ಮೇಲೂ ಒಳಗೇನಿದೆ, ಮೊದಲು ಹಾಕಿದ ದಿನ ಯಾವುದು ಎಂಬ ಲೇಬಲ್ ಬೇಕು. ಖಾಲಿಯಾದ ಬಾಟಲಿಯನ್ನು ತೊಳೆದು ಬೇರೆಯದಕ್ಕೆ ಬಳಸುವುದಾದರೆ ಹಳೆಯ ಲೇಬಲ್‌ಗಳನ್ನು ನೀರಿನಲ್ಲಿ ನೆನೆಸಿ ಪೂರ್ತಿ ಕಿತ್ತ ಮೇಲೆಯೇ ತುಂಬಬೇಕು. ಅದರ ಮೇಲೆ ಹೊಸದನ್ನು ಅಂಟಿಸಿದರೆ ಒದ್ದೆಯಾಗಿ ಮೇಲಿನದು ಉದುರಿದ ದಿನ ಕೆಳಗಿನ ಹೆಸರೇ ಓದಲು ಸಿಗುತ್ತದೆ.

ಸೋಮವಾರದ ಪಿಎಚ್ ಪರೀಕ್ಷೆ ಮಾಡುವ ಕೆಮಿಸ್ಟ್ ಅದೇ ದಿನ ಎಲ್ಲ ಕಪಾಟುಗಳ ಲೇಬಲ್ ನೋಡಿ, ಆ ವಾರದೊಳಗೆ ಅವಧಿ ಮುಗಿಯುವ ಬಾಟಲಿಗಳ ಸಂಖ್ಯೆಯನ್ನು ಬಿಳಿ ಹಲಗೆಯ ಮೇಲೆ ಬರೆಯುತ್ತಾರೆ. ಅವಧಿ ಮುಗಿದ ಬಾಟಲಿಯ ಕತ್ತಿಗೆ ಕೆಂಪು ಟೇಪ್ ಸುತ್ತಿ ಕೆಳಗಿನ ಕ್ರೇಟಿಗೆ ಇಳಿಸುತ್ತಾರೆ. ಕೆಂಪು ಟೇಪ್ ಬಿಚ್ಚುವ ಅಧಿಕಾರ ಯಾರಿಗೂ ಇಲ್ಲ, ಮುಖ್ಯಸ್ಥರಿಗೂ ಇಲ್ಲ. ಅವಧಿಯ ಪಟ್ಟಿಯ ಪ್ರತಿಯನ್ನು ಟೈಟ್ರೇಷನ್ ಮೇಜಿನ ಮೇಲಿನ ಗೋಡೆಗೆ ಹಾಕಿದೆ. ಪಟ್ಟಿಯಲ್ಲಿ ಇಲ್ಲದ ರಿಯೇಜೆಂಟ್ ಬಂದರೆ ತೆರೆಯುವ ಮೊದಲು ನನ್ನನ್ನು ಕೇಳಿ, ಅವಧಿ ಸೇರಿಸಿ ಕೊಡುತ್ತೇನೆ.